ಹೋಗಿ ಬಂದರೆ ವೇಗ ಸೊನ್ನೆ ಯಾಕೆ?

ಪ್ರಶ್ನೆ: ಸರ್, ನಾನು ಕಮಲಾಪುರದಲ್ಲಿ 9ನೇ ತರಗತಿ ಓದುತ್ತೇನೆ. ಹೋದ ರವಿವಾರ ಕಾಕಾನ ಬೈಕ್ ಮೇಲೆ ಕಲಬುರಗಿಗೆ ಹೋಗಿ ಬಂದೆ. 9 ಗಂಟೆಗೆ ಬಿಟ್ಟು 9.40ಕ್ಕೆ ಮುಟ್ಟಿದೆವು. ಒಂದು ತಾಸು ಅಲ್ಲಿ ಕೆಲಸ. 10.40ಕ್ಕೆ ತಿರುಗಿ ಹೊರಟಾಗ ಮಳೆ ಹಿಡಿಯಿತು, ಮನೆ ಮುಟ್ಟಿದಾಗ 12. ಮೀಟರ್‌ನಲ್ಲಿ 72 ಕಿ.ಮೀ. ಏರಿತ್ತು. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಟೀಚರ್ "ಹಾಗಾದರೆ ನಿನ್ನ ಸರಾಸರಿ ವೇಗ ಸೊನ್ನೆ" ಅಂದರು. ಪೆಟ್ರೋಲ್ ಸುಟ್ಟಿದೆ, ಮಳೆಯಲ್ಲಿ ತೊಯ್ದಿದ್ದೇವೆ, ಸೊನ್ನೆ ಹೇಗೆ ಸರ್? ಅಂಥ ಸೊನ್ನೆಯಿಂದ ಏನು ಉಪಯೋಗ?

ಉತ್ತರ: ತಮ್ಮಾ, ನಿನ್ನ ಟೀಚರ್ ಹೇಳಿದ್ದು ಸರಿ. ನಿನಗೆ ಅದು ಒಪ್ಪಿಗೆ ಆಗದೇ ಇದ್ದದ್ದೂ ಸಹಜ. ನೀನು ಹೊರಟ ಹೊತ್ತು, ಮುಟ್ಟಿದ ಹೊತ್ತು, ಮೀಟರ್ ಎಲ್ಲಾ ಬರೆದು ಕಳಿಸಿದ್ದೀಯ. ಹಾಗಾಗಿ ಬೇರೆ ಉದಾಹರಣೆ ಹುಡುಕುವುದು ಬೇಡ, ನಿನ್ನ ಪ್ರಯಾಣವನ್ನೇ ಬಿಡಿಸೋಣ.

ಮೊದಲು ಮಾತಿನ ತೊಡಕು. ಮನೆಯಲ್ಲಿ "ವೇಗವಾಗಿ ಬಾ" ಅಂದರೆ ಜೋರಾಗಿ ಬಾ ಅಂತಲೇ ಅರ್ಥ. ರಸ್ತೆ ಬದಿಯ "ವೇಗದ ಮಿತಿ" ಫಲಕವೂ ಅದನ್ನೇ ಹೇಳುತ್ತದೆ. ಆದರೆ ನಿನ್ನ ಪಾಠದಲ್ಲಿ ಆ ಜೋರಿಗೆ ಕೊಟ್ಟ ಹೆಸರು ಜವ. ಇಂಗ್ಲಿಷ್ ಮೀಡಿಯಂ ಹುಡುಗರು ಸ್ಪೀಡ್ ಅನ್ನುವುದು ಇದಕ್ಕೇ. ಅವರು ವೆಲಾಸಿಟಿ ಅನ್ನುವುದಕ್ಕೆ ಪಾಠ ವೇಗ ಅನ್ನೋ ಪದವನ್ನು ಎತ್ತಿಟ್ಟಿದೆ. ಅಂದರೆ ಮನೆಯಲ್ಲಿ ಒಂದು ಅರ್ಥ ಇರುವ ಪದಕ್ಕೆ ಕ್ಲಾಸಿನಲ್ಲಿ ಇನ್ನೊಂದು ಅರ್ಥ. ಟೀಚರ್ "ವೇಗ ಸೊನ್ನೆ" ಅಂದಾಗ ನಿನ್ನ ಕಿವಿಗೆ "ಗಾಡಿ ಓಡಲೇ ಇಲ್ಲ" ಅಂತ ಕೇಳಿಸಿತು. ಅವರು ಹಾಗೆ ಹೇಳಲೇ ಇಲ್ಲ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಅನಿಸುವುದು ಇದು: ಈ ಅಧ್ಯಾಯದಲ್ಲಿ ಮಕ್ಕಳು ಎಡವುವುದು ಲೆಕ್ಕದಲ್ಲಿ ಕಡಿಮೆ, ಈ ಒಂದು ಪದದಲ್ಲಿ ಜಾಸ್ತಿ.

ಈಗ ಎರಡು ದಾರ ಕಲ್ಪಿಸಿಕೊ. ಒಂದು ದಾರದ ತುದಿಯನ್ನು ನಿಮ್ಮ ಮನೆ ಬಾಗಿಲಿಗೆ ಕಟ್ಟಿ, ಉಂಡೆಯನ್ನು ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ. ಬೈಕ್ ಹೋದ ಹಾಗೆ ನೀನು ಆ ದಾರವನ್ನು ರಸ್ತೆ ಮೇಲೆ ಬಿಡುತ್ತಾ ಹೋಗಬೇಕು. ರಸ್ತೆ ಎಲ್ಲಿ ತಿರುಗುತ್ತದೋ ದಾರವೂ ಅಲ್ಲಿ ತಿರುಗುತ್ತದೆ. ಇನ್ನೊಂದು ದಾರವನ್ನೂ ಬಾಗಿಲಿಗೇ ಕಟ್ಟಿದೆ, ಆದರೆ ಅದು ಯಾವಾಗಲೂ ಬಿಗಿಯಾಗಿ ಎಳೆದೇ ಇರುತ್ತದೆ. ಅದಕ್ಕೆ ರಸ್ತೆಯ ಹಂಗಿಲ್ಲ. ತೊಗರಿ ಹೊಲಗಳ ಮೇಲೆ, ಹಳ್ಳದ ಮೇಲೆ, ಊರುಗಳ ಮೇಲೆ ನೇರವಾಗಿ ಹಾದು ನೀನು ಎಲ್ಲಿದ್ದೀಯೋ ಅಲ್ಲಿಗೆ ಬರುತ್ತದೆ. ನೀನು ಮುಂದೆ ಹೋದರೆ ಉದ್ದ ಆಗುತ್ತದೆ, ಹತ್ತಿರ ಬಂದರೆ ಸುತ್ತಿಕೊಂಡು ಗಿಡ್ಡ ಆಗುತ್ತದೆ.

ರಸ್ತೆ ಮೇಲೆ ಬಿದ್ದ ದಾರದ ಉದ್ದ ಚಲಿಸಿದ ದೂರ. ಬಿಗಿಯಾದ ದಾರ ಸ್ಥಾನಪಲ್ಲಟ. ಸ್ಥಾನಪಲ್ಲಟ ಹೇಳುವಾಗ ಆ ದಾರದ ಉದ್ದದ ಜೊತೆ ಅದು ಮನೆಯಿಂದ ಯಾವ ಕಡೆ ಚಾಚಿದೆ ಅನ್ನೋದನ್ನೂ ಹೇಳಬೇಕು. ಕಮಲಾಪುರದಿಂದ ಕಲಬುರಗಿ ನೈಋತ್ಯಕ್ಕಿದೆ, ಪಶ್ಚಿಮಕ್ಕಿಂತ ದಕ್ಷಿಣದ ಕಡೆಗೇ ಸ್ವಲ್ಪ ಜಾಸ್ತಿ ವಾಲಿದೆ. ನಿನ್ನ ಮೀಟರ್ ಪ್ರಕಾರ ರಸ್ತೆ ಒಂದು ಕಡೆಗೆ 36 ಕಿ.ಮೀ. ನೇರ ಗೆರೆ ಎಳೆದರೆ ಅದಕ್ಕಿಂತ ಕಡಿಮೆ. ಲೆಕ್ಕಕ್ಕೆ 32 ಕಿ.ಮೀ. ಎಂದಿಟ್ಟುಕೊಳ್ಳೋಣ.

ನಿನ್ನ ಗಡಿಯಾರದ ಪ್ರಕಾರ ನೋಡೋಣ. 9 ಗಂಟೆಗೆ ಎರಡೂ ದಾರ ಸೊನ್ನೆ. 9.40ಕ್ಕೆ ರಸ್ತೆಯ ದಾರ 36 ಕಿ.ಮೀ., ಬಿಗಿ ದಾರ 32 ಕಿ.ಮೀ. ನೈಋತ್ಯಕ್ಕೆ. ಅಲ್ಲಿಂದ 10.40ರ ತನಕ ಎರಡೂ ಹಾಗೇ ಇರುತ್ತವೆ, ಯಾಕಂದರೆ ಬೈಕ್ ನಿಂತಿದೆ. ಕಲಬುರಗಿಯಲ್ಲಿ ಮಾಡಿದ ಸಣ್ಣ ಓಡಾಟವನ್ನು ನಾನು ಇಲ್ಲಿ ಬಿಟ್ಟಿದ್ದೇನೆ. ಈಗ ತಿರುಗಿ ಬರುವ ಹೊತ್ತು. ಸುಮಾರು 11.20ಕ್ಕೆ ನೀವು ಅರ್ಧ ದಾರಿ ಬಂದಿದ್ದೀರಿ ಅಂದುಕೊ. ಆಗ ರಸ್ತೆಯ ದಾರ 36ಕ್ಕೆ ಮತ್ತೆ 18 ಸೇರಿ 54 ಆಗಿದೆ. ಆದರೆ ಬಿಗಿ ದಾರ 16ರ ಆಸುಪಾಸಿಗೆ ಇಳಿದಿದೆ. 12 ಗಂಟೆಗೆ ಮನೆ ಬಾಗಿಲಲ್ಲಿ ಬೈಕ್ ನಿಂತಾಗ ರಸ್ತೆಯ ಮೇಲೆ 72 ಕಿ.ಮೀ. ದಾರ ಬಿದ್ದಿದೆ. ಬಿಗಿ ದಾರ? ಪೂರ್ತಿ ಸುತ್ತಿಕೊಂಡು ಸೊನ್ನೆ ಆಗಿದೆ.

ಇಲ್ಲಿ ಸ್ವಲ್ಪ ನಿಂತು ನೋಡು. ರಸ್ತೆಯ ದಾರ ಒಮ್ಮೆಯೂ ಗಿಡ್ಡ ಆಗಲಿಲ್ಲ. ಏರಿತು, ಇಲ್ಲವೇ ನಿಂತಿತು. ನಿನ್ನ ಕಾಕಾನ ಮೀಟರ್‌ನ ಅಂಕಿಯೂ ಹಾಗೇ, ತಿರುಗಿ ಬಂದರೂ ಹಿಂದಕ್ಕೆ ಹೋಗುವುದಿಲ್ಲ. ಅದು ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಮಾತ್ರ ಎಣಿಸುತ್ತದೆ. ಗಾಡಿಯ ಮುಖ ಕಲಬುರಗಿ ಕಡೆಗಿದೆಯೋ ಹುಮನಾಬಾದ್ ಕಡೆಗಿದೆಯೋ ಅದಕ್ಕೆ ಗೊತ್ತಾಗದು. ಅದಕ್ಕೇ ದೂರವನ್ನು ಅದಿಶ ಪರಿಮಾಣ, ಅಂದರೆ ದಿಕ್ಕಿಲ್ಲದ ಅಳತೆ ಅಂತ ಕರೆಯುತ್ತಾರೆ. ಸ್ಥಾನಪಲ್ಲಟ ಸದಿಶ, ದಿಕ್ಕಿದ್ದ ಅಳತೆ.

ಜವ ಮತ್ತು ವೇಗ ಈ ಎರಡು ದಾರಗಳಿಂದಲೇ ಹುಟ್ಟುತ್ತವೆ. ರಸ್ತೆಯ ದಾರವನ್ನು ಸಮಯದಿಂದ ಭಾಗಿಸಿದರೆ ಸರಾಸರಿ ಜವ. ಬಿಗಿ ದಾರವನ್ನು ಅದೇ ಸಮಯದಿಂದ ಭಾಗಿಸಿದರೆ ಸರಾಸರಿ ವೇಗ.

ಹೋಗುವಾಗ 40 ನಿಮಿಷ, ಅಂದರೆ ತಾಸಿನ ಮೂರರಲ್ಲಿ ಎರಡು ಪಾಲು. 36 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ಸರಾಸರಿ ಜವ ತಾಸಿಗೆ 54 ಕಿ.ಮೀ. ಬಿಗಿ ದಾರದ 32ನ್ನು ಭಾಗಿಸಿದರೆ ಸರಾಸರಿ ವೇಗ ತಾಸಿಗೆ 48 ಕಿ.ಮೀ., ನೈಋತ್ಯಕ್ಕೆ. ಬರುವಾಗ ಮಳೆಯಿಂದ 80 ನಿಮಿಷ ಹಿಡಿಯಿತು, ಸಮಯ ಎರಡು ಪಟ್ಟು. ಹಾಗಾಗಿ ಜವ 27, ವೇಗ 24, ಆದರೆ ಈ ಸಲ ಈಶಾನ್ಯಕ್ಕೆ. ನೋಡಿದೆಯಾ, ಹೋಗುವ ದಾರಿ ಒಂದನ್ನೇ ತೆಗೆದುಕೊಂಡರೂ ಜವ ಮತ್ತು ವೇಗದ ಅಂಕಿ ಒಂದೇ ಆಗಲಿಲ್ಲ. ರಸ್ತೆ ಡೊಂಕು ಇದ್ದಷ್ಟೂ ಈ ವ್ಯತ್ಯಾಸ ಜಾಸ್ತಿ.

ಇನ್ನು ಇಡೀ ಪ್ರಯಾಣ, 9ರಿಂದ 12ರ ತನಕ, 3 ತಾಸು. ಸರಾಸರಿ ಜವ 72 ÷ 3 = 24, ತಾಸಿಗೆ 24 ಕಿ.ಮೀ. ಸರಾಸರಿ ವೇಗ 0 ÷ 3 = 0. (ಮೇಲೆ ಬರುವಾಗಿನ ವೇಗವೂ 24 ಬಂದಿತ್ತು. ಅಂಕಿ ಒಂದೇ ಆದದ್ದು ಆಕಸ್ಮಿಕ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.)

ಕಲಬುರಗಿಯಲ್ಲಿ ಕೆಲಸ ಮಾಡಿದ ಒಂದು ತಾಸನ್ನು ಯಾಕೆ ಸೇರಿಸಬೇಕು ಅಂತ ಕೇಳಬಹುದು. ಸೇರಿಸಲೇಬೇಕು ಅಂತೇನಿಲ್ಲ. ಸರಾಸರಿ ಅಂದ ಕೂಡಲೇ "ಯಾವಾಗಿನಿಂದ ಯಾವಾಗಿನ ತನಕ?" ಅಂತ ಕೇಳಬೇಕು. 9ರಿಂದ 12ರ ತನಕ ಅಂದರೆ ನಿಂತ ಹೊತ್ತೂ ಬರುತ್ತದೆ. ಗಾಡಿ ಓಡಿದ ಹೊತ್ತು ಮಾತ್ರ ಅಂದರೆ 2 ತಾಸು, ಆಗ ಸರಾಸರಿ ಜವ 36. ಎರಡೂ ಸರಿ ಉತ್ತರ, ಪ್ರಶ್ನೆ ಬೇರೆ ಬೇರೆ.

ಈ 36ರ ಹತ್ತಿರ ಒಂದು ಗುಂಡಿ ಇದೆ, ಬಹಳ ಮಕ್ಕಳು ಅದರಲ್ಲಿ ಬೀಳುತ್ತಾರೆ. ಹೋಗುವಾಗ 54, ಬರುವಾಗ 27, ಕೂಡಿಸಿ ಎರಡರಿಂದ ಭಾಗಿಸಿದರೆ 40.5 ಅಂತ ಬರೆದುಬಿಡುತ್ತಾರೆ. ಅದು ತಪ್ಪು. 54ರ ಜವದಲ್ಲಿ ನೀನು ಇದ್ದದ್ದು 40 ನಿಮಿಷ. 27ರ ಜವದಲ್ಲಿ ಇದ್ದದ್ದು 80 ನಿಮಿಷ. ನಿಧಾನ ಹೋದ ಹೊತ್ತು ಎರಡು ಪಟ್ಟು ಇರುವಾಗ ಅದರ ತೂಕವೂ ಎರಡು ಪಟ್ಟು ಆಗಬೇಕು, ಅಲ್ವಾ? ಹಾಗೆ ಮಾಡಿ ನೋಡು:

(54 × 40 + 27 × 80) ÷ 120 = 36

ಸರಿಯಾಗಿ ಕೂತಿತು. ಈಗ ಇದೇ ಲೆಕ್ಕವನ್ನು ವೇಗಕ್ಕೆ ಮಾಡೋಣ. ಕಲಬುರಗಿ ಕಡೆಗಿನ ದಿಕ್ಕನ್ನು ಪ್ಲಸ್ ಅಂತ ಇಟ್ಟರೆ ಮನೆ ಕಡೆಗಿನ ದಿಕ್ಕು ಮೈನಸ್:

(48 × 40 − 24 × 80) ÷ 120 = 0

ನಿನ್ನ ಟೀಚರ್ ಹೇಳಿದ ಸೊನ್ನೆ ಇದೇ. ಬೈಕ್ ನಿಂತಿದ್ದಕ್ಕೆ ಬಂದ ಸೊನ್ನೆ ಅಲ್ಲ ಇದು. 40 ನಿಮಿಷ ಒಂದು ಕಡೆಗೆ ಜೋರಾಗಿ ಹೋದದ್ದನ್ನು 80 ನಿಮಿಷ ಎದುರು ಕಡೆಗೆ ಅರ್ಧ ಜೋರಿನಲ್ಲಿ ಬಂದದ್ದು ಪೂರ್ತಿ ತೀರಿಸಿತು. ಆ ಸೊನ್ನೆ ಹೇಳುವುದು ಒಂದೇ ವಿಷಯ: 9 ಗಂಟೆಗೆ ನೀನು ಎಲ್ಲಿದ್ದೆಯೋ 12 ಗಂಟೆಗೂ ಅಲ್ಲೇ ಇದ್ದೆ. ನಡುವೆ ಏನಾಯಿತು ಅನ್ನೋದನ್ನು ಅದು ಹೇಳುವುದೇ ಇಲ್ಲ. ಪೆಟ್ರೋಲ್ ಎಷ್ಟು ಸುಟ್ಟಿತು ಅಂತ ತಿಳಿಯಬೇಕಾದರೆ ರಸ್ತೆಯ ದಾರವನ್ನು ಕೇಳಬೇಕು. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿ ಆದರೆ 72 ಕಿ.ಮೀ.ಗೆ ಹತ್ತಿರ ಹತ್ತಿರ ಒಂದೂವರೆ ಲೀಟರ್. ಸ್ಥಾನಪಲ್ಲಟ ಸೊನ್ನೆ ಅಂತ ಬಂಕಿನವನು ದುಡ್ಡು ಬಿಡುವುದಿಲ್ಲ. ಆ ಲೆಕ್ಕ ಸ್ಥಾನಪಲ್ಲಟಕ್ಕೆ ಸೇರಿದ್ದೇ ಅಲ್ಲ.

ಮೈನಸ್ ಬಗ್ಗೆ ಒಂದು ಮಾತು. ಬರುವಾಗಿನ ವೇಗ −24 ಅಂತ ಬರೆದರೆ "ಸೊನ್ನೆಗಿಂತ ನಿಧಾನ" ಅಂತ ಅರ್ಥ ಅಲ್ಲ. ಸೊನ್ನೆಗಿಂತ ನಿಧಾನ ಅನ್ನೋದು ಇಲ್ಲವೇ ಇಲ್ಲ. ಮೈನಸ್ ಇಲ್ಲಿ ದಿಕ್ಕಿನ ಗುರುತು ಅಷ್ಟೇ. ನೀನು ಮನೆ ಕಡೆಯನ್ನು ಪ್ಲಸ್ ಅಂತ ಇಟ್ಟಿದ್ದರೆ ಗುರುತುಗಳು ಅದಲು ಬದಲಾಗುತ್ತಿದ್ದವು, ಉತ್ತರ ಮಾತ್ರ ಸೊನ್ನೆಯೇ. ಯಾವ ಕಡೆ ಪ್ಲಸ್ ಅಂತ ಉತ್ತರದ ಮೊದಲ ಸಾಲಿನಲ್ಲೇ ಬರೆದುಬಿಡು.

ಇನ್ನು ನಿನ್ನ ಎರಡನೇ ಪ್ರಶ್ನೆ, ಉಪಯೋಗ. ಇದಕ್ಕೆ ಇಡೀ ಪ್ರಯಾಣದ ಸರಾಸರಿ ಬಿಟ್ಟು, ಒಂದೇ ಒಂದು ಕ್ಷಣಕ್ಕೆ ಬರಬೇಕು.

ಬೈಕ್ ಓಡುವಾಗ ಮುಳ್ಳು 54 ತೋರಿಸುತ್ತಿದೆ ಅಂದುಕೊ. ಅದು ಆ ಕ್ಷಣದ ಜವ. ಆ ಕ್ಷಣದ ವೇಗ ಎಷ್ಟು? ಅದೂ 54, ಜೊತೆಗೆ ಗಾಡಿ ಆಗ ಯಾವ ಕಡೆ ಸಾಗುತ್ತಿದೆಯೋ ಆ ದಿಕ್ಕು. ಸರಾಸರಿಯಲ್ಲಿ 54 ಮತ್ತು 48 ಅಂತ ಬೇರೆಯಾಗಿದ್ದ ಅಂಕಿಗಳು ಕ್ಷಣಕ್ಕೆ ಬಂದಾಗ ಒಂದೇ ಯಾಕಾದವು? ಒಂದು ತಿರುವಿನ ಲೆಕ್ಕ ಮಾಡಿದರೆ ಕಾಣುತ್ತದೆ. ತಿರುವು 100 ಮೀಟರ್ ತ್ರಿಜ್ಯದ ವೃತ್ತದ ಕಾಲು ಭಾಗ ಇದೆ ಅಂದುಕೊ. ದಕ್ಷಿಣಕ್ಕೆ ಮುಖ ಮಾಡಿ ಒಳಗೆ ಬಂದ ಗಾಡಿ ಪಶ್ಚಿಮಕ್ಕೆ ಮುಖ ಮಾಡಿ ಹೊರಗೆ ಹೋಗುತ್ತದೆ. ರಸ್ತೆಯ ಉದ್ದ 157 ಮೀಟರ್. ಒಳಗೆ ಬಂದ ಜಾಗದಿಂದ ಹೊರಟ ಜಾಗಕ್ಕೆ ನೇರ ಅಳೆದರೆ 141 ಮೀಟರ್. 16 ಮೀಟರ್ ವ್ಯತ್ಯಾಸ. ಅದೇ ತಿರುವಿನಲ್ಲಿ 10 ಮೀಟರ್ ಮಾತ್ರ ತೆಗೆದುಕೊ. ರಸ್ತೆ 10 ಮೀಟರ್ ಆದರೆ ನೇರ ಗೆರೆಯೂ ಹತ್ತೇ, ಬರೀ 4 ಮಿಲಿಮೀಟರ್ ಕಡಿಮೆ. ತುಂಡು ಸಣ್ಣದಾದಷ್ಟೂ ಡೊಂಕು ಮಾಯ. ಒಂದು ಕ್ಷಣದ ತುಂಡಿನಲ್ಲಿ ಎರಡು ದಾರಗಳೂ ಒಂದರ ಮೇಲೊಂದು ಕೂತುಬಿಡುತ್ತವೆ. ಕ್ಷಣದ ಜವ ಮತ್ತು ವೇಗದ ಅಂಕಿ ಎಂದೂ ಬೇರೆಯಾಗುವುದಿಲ್ಲ. ಸರಾಸರಿಯಲ್ಲಿ ಮಾತ್ರ ಬೇರೆಯಾಗಬಹುದು.

ಈಗ ಆ ತಿರುವಿನಲ್ಲಿ ಕಾಕಾ 54ರಲ್ಲೇ ಗಾಡಿ ಓಡಿಸಿದ ಅಂದುಕೊ, ಮುಳ್ಳು ಅಲುಗಾಡಲಿಲ್ಲ. ಜವ ಬದಲಾಗಲಿಲ್ಲ. ವೇಗ ಬದಲಾಯಿತಾ? ಬದಲಾಯಿತು. ಮೊದಲು ದಕ್ಷಿಣಕ್ಕೆ 54 ಇತ್ತು, ಈಗ ಪಶ್ಚಿಮಕ್ಕೆ 54. ವೇಗ ಬದಲಾಗಬೇಕಾದರೆ ಬಲ ಬೇಕು, ಇದು ನ್ಯೂಟನ್‌ನ ನಿಯಮ, ನಿನಗೆ ಮುಂದಿನ ಪಾಠದಲ್ಲಿ ಬರುತ್ತದೆ. ಗಮನಿಸು, ಆ ನಿಯಮ ಜವದ ಬಗ್ಗೆ ಹೇಳುವುದಿಲ್ಲ, ವೇಗದ ಬಗ್ಗೆ ಹೇಳುತ್ತದೆ. ಗಾಡಿಯನ್ನು ತಿರುವಿನ ಒಳಮುಖಕ್ಕೆ ಎಳೆಯುವ ಬಲವನ್ನು ಕೊಡುವುದು ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆ. ರಸ್ತೆ ಒದ್ದೆ ಆದರೆ ಆ ಹಿಡಿತ ಕಡಿಮೆ ಆಗುತ್ತದೆ. ಬೇಕಾದಷ್ಟು ಬಲ ಸಿಗದಿದ್ದರೆ ವೇಗದ ದಿಕ್ಕು ಬದಲಾಗುವುದಿಲ್ಲ. ರಸ್ತೆ ತಿರುಗುತ್ತದೆ, ಗಾಡಿ ನೇರ ಹೋಗುತ್ತದೆ. ನಾನು ಹುಡುಗನಾಗಿದ್ದಾಗ ಮಳೆಯಲ್ಲಿ ಒಂದು ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದಿದ್ದೆ. ಸ್ಕೂಟರ್ ರಸ್ತೆಯ ಜೊತೆ ತಿರುಗದೆ, ಮೊದಲು ಹೋಗುತ್ತಿದ್ದ ಕಡೆಗೇ ಜಾರಿ ಹೊಲದ ಬದುವಿಗೆ ಹೋಗಿ ನಿಂತಿತು. ಮೊಣಕಾಲಿನ ಗಾಯದ ಗುರುತು ಈಗಲೂ ಇದೆ.

ತಿರುವಿಗೆ ಬೇಕಾದ ಬಲ ಜವದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಬರುವಾಗ ಕಾಕಾ ಹೆಚ್ಚುಕಡಿಮೆ 27ರಲ್ಲಿ ಬಂದರು. ಹೋಗುವಾಗಿನ ಅರ್ಧ. ಅದೇ ತಿರುವಿಗೆ ಬೇಕಾದ ಬಲ ಅರ್ಧ ಆಗಲಿಲ್ಲ, ಕಾಲು ಭಾಗಕ್ಕೆ ಇಳಿಯಿತು. ನೀವು ತೊಯ್ದದ್ದು ನಿಜ, ಆದರೆ ಒದ್ದೆ ರಸ್ತೆ ಕೊಡಬಲ್ಲ ಹಿಡಿತದ ಒಳಗೇ ಇದ್ದಿರಿ. ದಿಕ್ಕನ್ನು ಬಿಟ್ಟು ಬರೀ ಜವವನ್ನು ನೋಡಿದ್ದರೆ, "ಮುಳ್ಳು ಅಲುಗಾಡಿಲ್ಲ, ಬಲ ಯಾಕೆ ಬೇಕು?" ಅಂತ ಅನಿಸುತ್ತಿತ್ತು. ಜೋರಿಗೆ ದಿಕ್ಕು ಕಟ್ಟಿ ವೇಗ ಅಂತ ಬೇರೆ ಹೆಸರು ಇಟ್ಟದ್ದು ಇದಕ್ಕಾಗಿ.

ಪರೀಕ್ಷೆಯ ಹೊತ್ತಿಗೆ ನಾನು ಕೆಂಪು ಪೆನ್ನಿನಲ್ಲಿ ಜಾಸ್ತಿ ಸುತ್ತುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಒಂದು, ಸ್ಥಾನಪಲ್ಲಟ 32 ಕಿ.ಮೀ. ಅಂತ ಬರೆದು ದಿಕ್ಕು ಬಿಡುವುದು. ಅದು ಅರ್ಧ ಉತ್ತರ. ಇನ್ನೊಂದು, ಮೊದಲಿನ ವೇಗ ಮತ್ತು ಕೊನೆಯ ವೇಗ ಕೂಡಿಸಿ ಎರಡರಿಂದ ಭಾಗಿಸುವ ಸೂತ್ರವನ್ನು ಎಲ್ಲಾ ಕಡೆ ಹಾಕುವುದು. ವೇಗ ಒಂದೇ ಸಮನೆ ಏರುವಾಗ ಅಥವಾ ಒಂದೇ ಸಮನೆ ಇಳಿಯುವಾಗ ಮಾತ್ರ ಅದನ್ನು ನೆಚ್ಚಿಕೊಳ್ಳಬಹುದು. ನಿನ್ನ ಪ್ರಯಾಣದಂತೆ ಓಡಿ, ನಿಂತು, ಮತ್ತೆ ಓಡುವ ಕಡೆ ಅದನ್ನು ಹಾಕಬೇಡ. ಉತ್ತರ ತಪ್ಪಿದೆಯೋ ಅಂತ ನೀನೇ ಹಿಡಿಯಲು ಒಂದು ದಾರಿ ಇದೆ. ಬಿಗಿ ದಾರ ಎಂದೂ ರಸ್ತೆಯ ದಾರಕ್ಕಿಂತ ಉದ್ದ ಆಗಲಾರದು. ನಿನ್ನ ಉತ್ತರದಲ್ಲಿ ಸ್ಥಾನಪಲ್ಲಟದ ಅಂಕಿ ದೂರಕ್ಕಿಂತ ದೊಡ್ಡದಾಗಿ ಬಂದರೆ ಎಲ್ಲೋ ಕೂಡಿಸುವ ಕಡೆ ಎಡವಿದ್ದೀಯ. ಎರಡೂ ಸಮ ಬಂದರೆ ಒಂದೇ ಅರ್ಥ: ದಾರಿ ನೇರ ಇತ್ತು, ಎಲ್ಲೂ ಹಿಂದಕ್ಕೆ ತಿರುಗಲಿಲ್ಲ.

ಈಗ ಒಂದು ಗ್ರಾಫ್ ಹಾಕು. ಅಡ್ಡಗೆರೆಯ ಮೇಲೆ 9ರಿಂದ 12ರ ಸಮಯ, ನಿಂತ ಗೆರೆಯ ಮೇಲೆ ಕಿಲೋಮೀಟರ್. ಒಂದೇ ಹಾಳೆಯಲ್ಲಿ ನೀಲಿ ಪೆನ್ನಿನಿಂದ ದೂರ, ಪೆನ್ಸಿಲ್‌ನಿಂದ ಸ್ಥಾನಪಲ್ಲಟ. ನೀಲಿ ಗೆರೆ 36ಕ್ಕೆ ಏರಿ, ಒಂದು ತಾಸು ಮಟ್ಟಸ ಹೋಗಿ, ಮತ್ತೆ 72ಕ್ಕೆ ಏರುತ್ತದೆ. ಪೆನ್ಸಿಲ್ ಗೆರೆ 32ಕ್ಕೆ ಏರಿ, ಮಟ್ಟಸ ಹೋಗಿ, ಇಳಿದು 12ರಲ್ಲಿ ತಳ ಮುಟ್ಟುತ್ತದೆ. ಏರುವಾಗಿನ ಕಡಿದು ಇಳಿಜಾರು 48ರದು. ಇಳಿಯುವಾಗಿನ ಸಾದಾ ಇಳಿಜಾರು 24ರದು. ಆ ಇಳಿಕೆಯೇ ಮೈನಸ್. ಹಾಳೆಯನ್ನು ಟೀಚರಿಗೆ ತೋರಿಸು.

ಮುಂದಿನ ಸಲ ಕಾಕಾನ ಜೊತೆ ಹೋಗುವಾಗ ಕುರಿಕೋಟಾ ಸೇತುವೆ ಬಂದಾಗ ಗಮನಿಸು. ಸೇತುವೆ ಮೇಲೆ ದಾರಿ ನೇರ. ಈ ಸಲ ಎರಡೂ ದಾರಗಳನ್ನು ಮನೆ ಬಾಗಿಲಿಗಲ್ಲ, ಸೇತುವೆಯ ಈ ತುದಿಗೆ ಕಟ್ಟಿದೆ ಅಂದುಕೊ. ಈ ತುದಿಯಿಂದ ಆ ತುದಿಗೆ ಹೋಗುವಾಗ ದೂರವೂ ಸ್ಥಾನಪಲ್ಲಟದ ಅಂಕಿಯೂ ಒಂದೇ, ಸರಾಸರಿ ಜವವೂ ಸರಾಸರಿ ವೇಗದ ಅಂಕಿಯೂ ಒಂದೇ. ಸೇತುವೆ ದಾಟಿ ಮೊದಲ ತಿರುವು ಬಂದ ಕೂಡಲೇ ನಿನ್ನ ಎರಡು ದಾರಗಳು ಬೇರೆಯಾಗುತ್ತವೆ. ಆ ಜಾಗ ಯಾವುದು ಅಂತ ಗುರುತು ಹಾಕಿಕೊಂಡು ನನಗೆ ಬರೆ.